ಹೆಡ್ಡಿಂಗಿನಿಂದ ಪ್ರಶ್ನೆ: ಓದುವ ಮೊದಲೇ ಮಾಡುದಾ, ಓದಿ ಆದ್ಮೇಲೆಯಾ?

ಉಡುಪಿ ಕಡೆಯ ಫಸ್ಟ್ ಪಿಯುಸಿ ಸೈನ್ಸ್ ಮಕ್ಕಳಿಗೋಸ್ಕರ ಬಯಾಲಜಿಯ ಫೋಟೋಸಿಂಥೆಸಿಸ್ ಪಾಠವನ್ನೇ ತಗೊಳ್ಳುವ.

ಓದುವ ಮೊದಲೇ ಮಾಡಿದ್ರೆ ಕೆಲಸ ಬೇಗ ಮುಗೀತದೆ. ಸಬ್‌ಹೆಡ್ಡಿಂಗ್ 'ಸಿ4 ಪಾಥ್‌ವೇ' ಅಂತ ಉಂಟು, 'ಸಿ4 ಪಾಥ್‌ವೇ ಅಂದ್ರೆ ಎಂತ?' ಅಂತ ಬರೆದ್ರಾಯ್ತು, ಮತ್ತೆ ಓದುವಾಗ ಕಣ್ಣು ತನ್ನಷ್ಟಕ್ಕೇ ಉತ್ತರ ಹುಡುಕ್ತಾ ಹೋಗ್ತದೆ. ಎಸ್‌ಕ್ಯೂ3ಆರ್ ಅಂತ ಪಾಠ ಓದುವ ಒಂದು ಕ್ರಮ ಉಂಟು, ಅದರಲ್ಲೂ ಪ್ರಶ್ನೆ ಮೊದಲು, ಓದುದು ಆಮೇಲೆ. ಆದ್ರೆ ರಿವಿಷನ್‌ಗೆ ಈ ಪ್ರಶ್ನೆ ಸಪ್ಪೆ ಮಾರಾಯ್ರೆ, ಡೆಫಿನಿಷನ್ನಿನ ಒಂದು ಸಾಲು ಬಾಯಿಪಾಠ ಬಂದ್ರೆ ಎಲ್ಲ ಗೊತ್ತುಂಟು ಅಂತ ಅನಿಸಿಬಿಡ್ತದೆ.

ಓದಿ ಆದ್ಮೇಲೆ ಅದೇ ಹೆಡ್ಡಿಂಗನ್ನು ಅದರ ಮುಂದಿನ 'ಫೋಟೋರೆಸ್ಪಿರೇಶನ್' ಹೆಡ್ಡಿಂಗಿಗೆ ಕಟ್ಟಿ ನೋಡಿ: 'ಬಿಸಿಲು ಜೋರಿದ್ದಾಗ ಫೋಟೋರೆಸ್ಪಿರೇಶನ್‌ನಿಂದ ಭತ್ತಕ್ಕೆ ನಷ್ಟ, ಜೋಳಕ್ಕೆ ಯಾಕಿಲ್ಲ?' ಈಗ ಉತ್ತರ ಹೇಳ್ಬೇಕಾದ್ರೆ ಮೀಸೋಫಿಲ್‌ನಲ್ಲಿ ಹಿಡಿದ ಕಾರ್ಬನ್ ಡೈಆಕ್ಸೈಡ್ ಬಂಡಲ್ ಶೀತ್ ಕೋಶಕ್ಕೆ ಹೋಗಿ ಅಲ್ಲಿ ಬಿಡುಗಡೆ ಆಗುದು, ಅಲ್ಲಿ ಅದರ ಪ್ರಮಾಣ ಜಾಸ್ತಿ ಇರುವ ಕಾರಣ ರುಬಿಸ್ಕೋ ಆಕ್ಸಿಜನ್ ಹಿಡಿಯುದು ಕಡಿಮೆ ಆಗುದು, ಇಷ್ಟೂ ನೆನಪಿಗೆ ಬರ್ಬೇಕು. ಇದಕ್ಕೆ ಟೈಮ್ ಜಾಸ್ತಿ, ಅದೂ ಅಲ್ದೆ ಪಾಠ ಅರ್ಥ ಆಗದಿದ್ರೆ ಪ್ರಶ್ನೆಯೇ ಹುಟ್ಟುದಿಲ್ಲ.

ನನ್ನ ಕೇಳಿದ್ರೆ ನಾಳೆ ಕ್ಲಾಸ್ ಇದ್ರೆ ಮೊದಲಿನದ್ದು, ಪರೀಕ್ಷೆಗೆ ಪ್ರಶ್ನೆ ಬ್ಯಾಂಕ್ ಕಟ್ಟುದಾದ್ರೆ ಎರಡನೆಯದ್ದೇ. ಪುಸ್ತಕ ಮುಚ್ಚಿ ಒಂದೇ ಸಾಲಲ್ಲಿ ಉತ್ತರ ಮುಗಿದುಹೋಯ್ತಾ, ಆ ಪ್ರಶ್ನೆಯನ್ನು 'ಯಾಕೆ' ಅಂತ ತಿರುಗಿಸಿ ಬರೀರಿ. ಚಿತ್ರಗಳಿಗೆ ಮಾತ್ರ ಪ್ರಶ್ನೆ ಬೇರೆಯೇ ಬೇಕು, ಅದು ಹೆಡ್ಡಿಂಗಲ್ಲಿ ಸಿಗುದಿಲ್ಲ.