ವಿದೇಶಿ ಖರೀದಿದಾರರಿಗೆ ಮಾದರಿ ಕಳುಹಿಸುವ ಮೂರು ದಾರಿಗಳು: ಒಂದೇ ಪೆಟ್ಟಿಗೆ, ಮೂರು ಅನುಭವ

ಹತ್ತಿ ಬಟ್ಟೆಯ ಕೈಚೀಲಗಳ ಒಂದೇ ಬಗೆಯ ಮಾದರಿಗಳನ್ನು ಒಂದೇ ದೇಶದ ಮೂವರು ಖರೀದಿದಾರರಿಗೆ ಮೂರು ಬೇರೆ ಬೇರೆ ದಾರಿಗಳಲ್ಲಿ ಕಳುಹಿಸಿ ನೋಡುವ ಅವಕಾಶ ನನಗೆ ಒಮ್ಮೆ ಒದಗಿತು. ಮೊದಲನೆಯವರಿಗೆ ನನ್ನ ಖರ್ಚಿನಲ್ಲಿ ಎಕ್ಸ್‌ಪ್ರೆಸ್ ಕೊರಿಯರ್, ಎರಡನೆಯವರಿಗೆ ಅಂಚೆಯ ಇಎಂಎಸ್ ಸೇವೆ, ಮೂರನೆಯವರಿಗೆ ಅವರದೇ ಕೊರಿಯರ್ ಖಾತೆ. ಪ್ರತಿ ಪೆಟ್ಟಿಗೆಯಲ್ಲೂ ನಾಲ್ಕು ಬಗೆಯ ಬಟ್ಟೆಯ ಹನ್ನೆರಡು ಚೀಲಗಳು ಮತ್ತು ಬಣ್ಣದ ತುಣುಕುಗಳನ್ನು ಅಂಟಿಸಿದ ಒಂದು ಕಾರ್ಡು ಇದ್ದವು. ಖರೀದಿದಾರರು ಬೇರೆ ಬೇರೆಯವರಾದ್ದರಿಂದ ಅವರ ಉತ್ತರಗಳ ವೇಗವನ್ನು ದಾರಿಯ ಗುಣವೆಂದೇ ಹೇಳಲಾಗದು. ಆದರೂ ಉತ್ತರ ಎಲ್ಲಿ ತಡವಾಯಿತು, ಏಕೆ ತಡವಾಯಿತು ಎಂಬುದು ಮೂರನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ನನಗೆ ಸ್ಪಷ್ಟವಾಯಿತು.

ಮೊದಲು ವೆಚ್ಚದ ವಿಚಾರ. ಚೀಲಗಳು ಮಡಿಕೆ ಬೀಳಬಾರದೆಂದು ಒಳಗೆ ತೆಳು ಕಾಗದ ತುಂಬಿ, 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರದ ಪೆಟ್ಟಿಗೆಯಲ್ಲಿ ಜೋಡಿಸಿದ್ದೆ. ತಕ್ಕಡಿಯಲ್ಲಿ ಅದು ತೂಗಿದ್ದು 3.6 ಕಿಲೋ. ಎಕ್ಸ್‌ಪ್ರೆಸ್ ಕೊರಿಯರ್‌ನವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಮೂರೂ ಅಳತೆಗಳನ್ನು ಗುಣಿಸಿ 5,000ದಿಂದ ಭಾಗಿಸಿ ಬಂದ ಗಾತ್ರತೂಕ ಮತ್ತು ನಿಜತೂಕ, ಇವೆರಡರಲ್ಲಿ ಹೆಚ್ಚಿನದಕ್ಕೆ ದರ ಹಾಕುತ್ತಾರೆ. ನನ್ನ ಪೆಟ್ಟಿಗೆಯ ಗುಣಲಬ್ಧ 30,000. ಗಾತ್ರತೂಕ 6 ಕಿಲೋ. ಎಂದರೆ 2.4 ಕಿಲೋ ಗಾಳಿಗೆ ಬಾಡಿಗೆ ಕೊಟ್ಟಂತಾಯಿತು. ನಾನು ಬಳಸಿದ ಅಂಚೆ ಸೇವೆಯು ಆ ಗಾತ್ರದ ಪೆಟ್ಟಿಗೆಗೆ ನಿಜತೂಕದ ಮೇಲೆಯೇ ದರ ಹಾಕಿತು. ಎಲ್ಲ ದೇಶಗಳ ಅಂಚೆಯೂ ಹಾಗೆಯೇ ಮಾಡುವುದಿಲ್ಲವಾದ್ದರಿಂದ ಕಳುಹಿಸುವ ಮುನ್ನ ಕೇಳಿಕೊಳ್ಳುವುದು ಒಳಿತು. ಅಂಚೆಗೆ ಕೊಟ್ಟದ್ದನ್ನು 100 ಎಂದು ಇಟ್ಟುಕೊಂಡರೆ ಎಕ್ಸ್‌ಪ್ರೆಸ್‌ಗೆ ಕೊಟ್ಟದ್ದು 240. ಖರೀದಿದಾರರ ಖಾತೆಯಲ್ಲಿ ಹೋದ ಪೆಟ್ಟಿಗೆಗೆ ನನಗೆ ತಗಲಿದ್ದು ಪೆಟ್ಟಿಗೆಯ ಮತ್ತು ಅಂಟುಪಟ್ಟಿಯ ಬೆಲೆ ಮಾತ್ರ.

ಆದರೆ ಆ ಮೂರನೆಯ ಪೆಟ್ಟಿಗೆಯ ಬಾಡಿಗೆ ಅವರ ಲೆಕ್ಕಕ್ಕೆ ಹೋಗುವುದರಿಂದ ಗಾಳಿಗೆ ಹಣ ಕೊಡಿಸುವುದು ಸರಿಯಲ್ಲವೆನಿಸಿ, ಕಾಗದ ತೆಗೆದು, ಚೀಲಗಳನ್ನು ಒತ್ತಿ ಮಡಿಸಿ, ಎತ್ತರವನ್ನು 13 ಸೆಂ.ಮೀ.ಗೆ ಇಳಿಸಿದೆ. ಗಾತ್ರತೂಕ 3.12 ಕಿಲೋಗೆ ಬಂತು, ನಿಜತೂಕ 3.4 ಇತ್ತು, ಅರ್ಧ ಕಿಲೋದ ಮೆಟ್ಟಿಲಿನಂತೆ ದರ 3.5ಕ್ಕೆ ನಿಂತಿತು. ಮೊದಲನೆಯದನ್ನೂ ಹೀಗೆಯೇ ಕಟ್ಟಿದ್ದರೆ 240ರ ಜಾಗದಲ್ಲಿ ಸುಮಾರು 165 ಆಗುತ್ತಿತ್ತೆಂದು ದರಪಟ್ಟಿ ನೋಡಿ ಲೆಕ್ಕ ಹಾಕಿದೆ. ಈ ಉಳಿತಾಯಕ್ಕೂ ಒಂದು ಬೆಲೆಯಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಕಾಗದಪತ್ರಗಳಲ್ಲಿ ನಾನು ಮಾಡಿದ ತಪ್ಪು ಮೊದಲೆರಡು ಪೆಟ್ಟಿಗೆಗಳಿಗೂ ಸಮಾನವಾಗಿತ್ತು. ಇನ್‌ವಾಯ್ಸ್‌ನಲ್ಲಿ ‘ಹತ್ತಿ ಚೀಲ, ಮಾದರಿ’ ಎಂದಷ್ಟೇ ಬರೆದು, ಸರಕಿನ ಬಗೆಯನ್ನು ಕಸ್ಟಮ್ಸ್‌ಗೆ ತಿಳಿಸುವ ಎಚ್‌ಎಸ್ ಸಂಕೇತವಾಗಿ 6305 ಎಂದು ಹಾಕಿದ್ದೆ. ಆ ಶೀರ್ಷಿಕೆ ಸರಕು ತುಂಬುವ ಗೋಣಿ ಮತ್ತು ಚೀಲಗಳಿಗೆ ಸೇರಿದ್ದು. ಅಂಗಡಿಗೆ ಒಯ್ಯುವ, ಬಾಳಿಕೆ ಬರುವ ಬಟ್ಟೆಯ ಕೈಚೀಲಗಳು 4202ರ ಅಡಿಯಲ್ಲಿ ಬರುತ್ತವೆ. ಎರಡಕ್ಕೂ ಸುಂಕ ಬೇರೆಯಾಗಿರಬಹುದಾದ್ದರಿಂದ ಕಸ್ಟಮ್ಸ್‌ನವರು ಪ್ರಶ್ನಿಸುವುದು ಸಹಜ. ಎಕ್ಸ್‌ಪ್ರೆಸ್ ಪೆಟ್ಟಿಗೆ ಮೂರನೆಯ ದಿನವೇ ಆ ದೇಶ ತಲುಪಿ, ನಾರಿನ ಪ್ರಮಾಣ, ನೇಯ್ದದ್ದೋ ಹೆಣೆದದ್ದೋ ಎಂಬ ವಿವರ ಮತ್ತು ಸರಿಯಾದ ಸಂಕೇತ ಬರುವವರೆಗೆ ಅಲ್ಲಿಯೇ ನಿಂತಿತು. ಮೂರನೆಯ ಖರೀದಿದಾರರ ಆಮದು ವಿಭಾಗವಾದರೋ ಇನ್‌ವಾಯ್ಸ್‌ನ ಕರಡನ್ನು ಮೊದಲೇ ತರಿಸಿಕೊಂಡು ತಿದ್ದಿತು. ನೂರಕ್ಕೆ ನೂರು ಹತ್ತಿ, ನೇಯ್ದ ಬಟ್ಟೆ, ಚೀಲವೊಂದರ ಬೆಲೆ, ತಯಾರಾದ ದೇಶ, ತಮ್ಮ ಆಮದು ನೋಂದಣಿ ಸಂಖ್ಯೆ, ‘ಮಾದರಿ, ಮಾರಾಟಕ್ಕಲ್ಲ, ಬೆಲೆ ಕಸ್ಟಮ್ಸ್ ಉದ್ದೇಶಕ್ಕೆ ಮಾತ್ರ’ ಎಂಬ ಸಾಲು, ಇಷ್ಟನ್ನೂ ಅವರೇ ಸೇರಿಸಿದರು. ಇದಕ್ಕೆ ಎರಡು ದಿನ ಹಿಡಿದು ಆ ಪೆಟ್ಟಿಗೆ ಉಳಿದೆರಡಕ್ಕಿಂತ ತಡವಾಗಿ ಹೊರಟಿತಾದರೂ ದಾರಿಯಲ್ಲಿ ಎಲ್ಲಿಯೂ ನಿಲ್ಲಲಿಲ್ಲ. ಮಾದರಿ ಉಚಿತವೆಂದು ಬೆಲೆಯ ಜಾಗದಲ್ಲಿ ಸೊನ್ನೆ ಬರೆಯುವ ಅಭ್ಯಾಸ ಹಲವರಲ್ಲಿದೆ. ಖರೀದಿದಾರರು ಹಣ ಕೊಡದಿದ್ದರೂ ವಸ್ತುವಿಗೆ ಬೆಲೆ ಇದ್ದೇ ಇರುವುದರಿಂದ ಸೊನ್ನೆಯನ್ನು ಕಸ್ಟಮ್ಸ್‌ನವರು ಒಪ್ಪುವುದಿಲ್ಲ.

ಸುಂಕ ಯಾರು ಕೊಡಬೇಕೆಂಬ ಪ್ರಶ್ನೆಯನ್ನೂ ನಾನು ಬಿಟ್ಟುಬಿಟ್ಟಿದ್ದೆ. ಎಕ್ಸ್‌ಪ್ರೆಸ್ ಕಂಪನಿಯ ಅರ್ಜಿಯಲ್ಲಿ ಏನನ್ನೂ ಆಯ್ಕೆ ಮಾಡದಿದ್ದುದರಿಂದ ಸುಂಕವು ಪಡೆಯುವವರ ಲೆಕ್ಕಕ್ಕೆ ಬಿತ್ತು, ಅದರ ಮೇಲೆ ಕೊರಿಯರ್‌ನವರು ಸುಂಕವನ್ನು ತಾವು ಮುಂಗಡವಾಗಿ ಕಟ್ಟಿದ್ದಕ್ಕೆ ಶುಲ್ಕವನ್ನೂ ಸೇರಿಸಿದರು. ಕೇಳದೆ ಬಂದ ಮಾದರಿಗೆ ಬಿಲ್ಲು ಬಂದದ್ದರಿಂದ ಖರೀದಿದಾರರು ಬೇಸರಗೊಂಡು ಅದನ್ನು ನನಗೇ ಕಳುಹಿಸಿದರು. ಮೇಲಿನ ಲೆಕ್ಕದಲ್ಲಿ ಅದು ಇನ್ನೊಂದು 35. ಕತ್ತರಿಸಿದ, ತೂತು ಮಾಡಿದ ಅಥವಾ ಅಳಿಸಲಾಗದ ಮುದ್ರೆ ಒತ್ತಿದ ಮಾದರಿಗಳಿಗೆ ಅನೇಕ ದೇಶಗಳು ಸುಂಕ ವಿಧಿಸುವುದಿಲ್ಲ. ವಾಣಿಜ್ಯ ಮಾದರಿಗಳ ಆಮದಿಗೆ ಸಂಬಂಧಿಸಿದ 1952ರ ಜಿನೀವಾ ಒಪ್ಪಂದದಲ್ಲಿಯೇ ಈ ವಿಚಾರವಿದೆ. ಬಣ್ಣ ಮತ್ತು ಮುದ್ರಣ ತೋರಿಸಲಷ್ಟೇ ಹೋಗುವ ಚೀಲಗಳ ತಳಕ್ಕೆ ಈಗ ನಾನು ದೊಡ್ಡದೊಂದು ತೂತು ಮಾಡಿಯೇ ಕಳುಹಿಸುತ್ತೇನೆ. ಭಾರ ಹೊರುವ ಪರೀಕ್ಷೆಗೆ ಬೇಕಾದ ಚೀಲಗಳಿಗೆ ಮಾತ್ರ ಈ ಉಪಾಯ ಒದಗದು.

ಟ್ರ್ಯಾಕಿಂಗ್‌ನಲ್ಲಿ ಮೂರಕ್ಕೂ ಇರುವ ಅಂತರ ದೊಡ್ಡದು. ಎಕ್ಸ್‌ಪ್ರೆಸ್ ಪೆಟ್ಟಿಗೆ ಮೊದಲಿನಿಂದ ಕೊನೆಯವರೆಗೆ ಒಂದೇ ಸಂಸ್ಥೆಯ ಕೈಯಲ್ಲಿರುವುದರಿಂದ ಪ್ರತಿ ಕೇಂದ್ರದಲ್ಲೂ ಸ್ಕ್ಯಾನ್ ಆಗುತ್ತದೆ, ನಿಂತರೆ ಕಾರಣವೂ ಕಾಣುತ್ತದೆ. ಅಂಚೆಯಲ್ಲಿ ಪೆಟ್ಟಿಗೆ ಒಂದು ದೇಶದ ಅಂಚೆಯಿಂದ ವಿಮಾನಕ್ಕೆ, ಅಲ್ಲಿಂದ ಇನ್ನೊಂದು ದೇಶದ ಅಂಚೆಗೆ ಕೈ ಬದಲಾಯಿಸುತ್ತದೆ. ನನ್ನದು ವಿದೇಶಿ ಅಂಚೆಯನ್ನು ರವಾನಿಸುವ ವಿನಿಮಯ ಕಚೇರಿಯಿಂದ ಹೊರಟಿತೆಂದು ತೋರಿಸಿದ ಮೇಲೆ ಏಳು ದಿನ ಸುಳಿವೇ ಇರಲಿಲ್ಲ. ಕಳೆದುಹೋಯಿತೆಂದು ದೂರು ಕೊಡಲು ಹೊರಟಿದ್ದೆ. ಅಷ್ಟರಲ್ಲಿ ಆ ಸಂಖ್ಯೆಯ ರಚನೆ ನೆನಪಾಯಿತು: ಮೊದಲು ಎರಡು ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ಕಳುಹಿಸಿದ ದೇಶವನ್ನು ಸೂಚಿಸುವ ಎರಡು ಅಕ್ಷರ. ವಿಶ್ವ ಅಂಚೆ ಒಕ್ಕೂಟದ ಈ ಮಾದರಿ ಎಲ್ಲೆಡೆ ಒಂದೇ ಆದ್ದರಿಂದ ಅದೇ ಸಂಖ್ಯೆಯನ್ನು ತಲುಪುವ ದೇಶದ ಅಂಚೆಯ ತಾಣದಲ್ಲಿ ಹಾಕಿದೆ. ಪೆಟ್ಟಿಗೆ ಎರಡು ದಿನಗಳ ಹಿಂದೆಯೇ ಅಲ್ಲಿನ ಕಸ್ಟಮ್ಸ್‌ಗೆ ಬಂದಿತ್ತು. ಕಳುಹಿಸಿದ ಕಡೆಯ ತಾಣದಲ್ಲಿ ಆ ಸುದ್ದಿ ಇನ್ನೂ ಬಂದಿರಲಿಲ್ಲ, ಅಷ್ಟೇ. ಹದಿನೈದನೆಯ ದಿನ ಅಂಚೆಯವರು ಮನೆಬಾಗಿಲಿಗೆ ಚೀಟಿ ಬಿಟ್ಟುಹೋದರು. ಹದಿನೆಂಟನೆಯ ದಿನ ಖರೀದಿದಾರರು ಅಂಚೆ ಕಚೇರಿಗೆ ಹೋಗಿ ಸಣ್ಣ ಸುಂಕ ಕಟ್ಟಿ ಬಿಡಿಸಿಕೊಂಡರು.

ಖರೀದಿದಾರರ ಖಾತೆಯಲ್ಲಿ ಕಳುಹಿಸುವಾಗ ಒಂದು ಎಚ್ಚರಿಕೆ ಬೇಕು. ಅವರು ಕೊಟ್ಟ ಖಾತೆ ಸಂಖ್ಯೆ ತಪ್ಪಾಗಿದ್ದರೆ, ಅಥವಾ ಅವರು ಬಿಲ್ಲನ್ನು ನಿರಾಕರಿಸಿದರೆ, ಕೊರಿಯರ್‌ನವರು ಬಾಡಿಗೆಯನ್ನು ಕಳುಹಿಸಿದವರಿಂದಲೇ ವಸೂಲು ಮಾಡುತ್ತಾರೆ. ಅದೂ ಖಾತೆಯಿಲ್ಲದವರ ಪೂರ್ಣ ದರದಲ್ಲಿ. ಆದ್ದರಿಂದ ಖಾತೆ ಸಂಖ್ಯೆಯನ್ನು ಫೋನಿನಲ್ಲಿ ಬರೆದುಕೊಳ್ಳದೆ ಮಿಂಚಂಚೆಯಲ್ಲಿ, ಅವರ ಸಂಸ್ಥೆಯ ವಿಳಾಸದಿಂದಲೇ, ‘ಈ ಮಾದರಿಯ ಬಾಡಿಗೆ ಮತ್ತು ಸುಂಕ ನಮ್ಮದು’ ಎಂಬ ಮಾತಿನೊಡನೆ ತರಿಸಿಕೊಂಡೆ. ಅವರೇ ಪಿಕಪ್ ಕಾಯ್ದಿರಿಸಿ ಲೇಬಲ್ ಕಳುಹಿಸಿದರೆ ಇನ್ನೂ ಉತ್ತಮ. ಖಾತೆ ಕೇಳಿದೊಡನೆ ಮಾತು ನಿಲ್ಲಿಸುವ ಖರೀದಿದಾರರೂ ಇದ್ದಾರೆ. ಅಂಥವರನ್ನು ಕಳೆದುಕೊಂಡದ್ದಕ್ಕೆ ನಾನು ಹೆಚ್ಚು ಚಿಂತಿಸಿಲ್ಲ.

ಇನ್ನು ಉತ್ತರದ ವಿಚಾರ. ನನ್ನ ಲೆಕ್ಕವೆಲ್ಲ ತಲೆಕೆಳಗಾದದ್ದು ಇಲ್ಲಿಯೇ. ಎಕ್ಸ್‌ಪ್ರೆಸ್ ಪೆಟ್ಟಿಗೆ ಎಂಟನೆಯ ದಿನ ತಲುಪಿತು, ಉತ್ತರ ಬಂದದ್ದು ಮೂವತ್ತೊಂದನೆಯ ದಿನ. ಅಂಚೆಯದು ಹದಿನೆಂಟನೆಯ ದಿನ ಕೈಸೇರಿತು, ಉತ್ತರ ಇಪ್ಪತ್ತೊಂಬತ್ತನೆಯ ದಿನ. ಖಾತೆಯದು ಐದನೆಯ ದಿನ ತಲುಪಿತು, ಉತ್ತರ ಹದಿನಾಲ್ಕನೆಯ ದಿನ. ಎರಡೂವರೆ ಪಟ್ಟು ಹಣ ಕೊಟ್ಟು ಹತ್ತು ದಿನ ಮೊದಲು ತಲುಪಿಸಿದ ಪೆಟ್ಟಿಗೆಯ ಉತ್ತರ ಎಲ್ಲಕ್ಕಿಂತ ಕೊನೆಗೆ ಬಂತು. ತಲುಪಿ ಒಂಬತ್ತು ದಿನಗಳಾದರೂ ಸದ್ದಿಲ್ಲದಿದ್ದಾಗ, ಕೊರಿಯರ್‌ನ ತಾಣದಿಂದ ವಿತರಣೆಯ ರಸೀದಿ ತೆಗೆದು, ಅದರಲ್ಲಿ ಸಹಿ ಹಾಕಿದವರ ಹೆಸರನ್ನು ಖರೀದಿದಾರರಿಗೆ ಬರೆದೆ. ಪೆಟ್ಟಿಗೆ ಸ್ವಾಗತಕಾರರ ಬಳಿಯಿಂದ ಟಪಾಲು ಕೋಣೆಗೆ ಹೋಗಿ ಅಲ್ಲಿಯೇ ಕುಳಿತಿತ್ತು. ಲೇಬಲ್ಲಿನ ಮೇಲೆ ಸಂಸ್ಥೆಯ ಹೆಸರಿತ್ತೇ ಹೊರತು ವ್ಯಕ್ತಿಯದಾಗಲಿ, ವಿಭಾಗದ್ದಾಗಲಿ ಇರಲಿಲ್ಲ. ಅಂಚೆಯ ಪೆಟ್ಟಿಗೆಯನ್ನು ಅಂಗಡಿಯ ಮಾಲೀಕರೇ ಹೋಗಿ ತಂದು ತಾವೇ ಬಿಚ್ಚಿದ್ದರು. ಮೂರನೆಯವರು ಮಾದರಿಗೆ ತಮ್ಮದೊಂದು ಸಂಖ್ಯೆ ಕೊಟ್ಟು ಅದನ್ನು ಪೆಟ್ಟಿಗೆಯ ಹೊರಗೆ ಬರೆಸಿದ್ದರಿಂದ ಅದು ನೇರವಾಗಿ ಮೇಜಿಗೆ ಹೋಗಿತ್ತು.

ಉತ್ತರಗಳ ತಿರುಳಿನಲ್ಲೂ ವ್ಯತ್ಯಾಸವಿತ್ತು. ಎಕ್ಸ್‌ಪ್ರೆಸ್‌ನವರದು ‘ಬಣ್ಣ ಚೆನ್ನಾಗಿದೆ, ಮುಂದೆ ತಿಳಿಸುತ್ತೇವೆ’ ಎಂಬ ಎರಡು ಮಾತು. ಅಂಗಡಿಯ ಮಾಲೀಕರು ಹಿಡಿಕೆ ಗಿಡ್ಡವಾಯಿತು, ಹೆಗಲಿಗೆ ಬರುವುದಿಲ್ಲ ಎಂದರು. ಮೂರನೆಯವರು ಹಿಡಿಕೆಯ ಹೊಲಿಗೆ, ಬಟ್ಟೆಯ ದಪ್ಪ, ಎರಡು ಬಗೆಯ ಮುದ್ರಣ ಇವುಗಳ ಬಗ್ಗೆ ಮಾದರಿ ಸಂಖ್ಯೆವಾರು ಬರೆದು, ಕೊನೆಯಲ್ಲಿ ಮುದ್ರಣದ ನಡುವೆಯೇ ಮಡಿಕೆಯ ಗೆರೆ ಬಿದ್ದು ಬಣ್ಣ ಬಿರುಕು ಬಿಟ್ಟಿದೆಯೆಂದು ಆಕ್ಷೇಪಿಸಿದರು. 25 ಸೆಂ.ಮೀ. ಪೆಟ್ಟಿಗೆಯನ್ನು 13ಕ್ಕೆ ಇಳಿಸಿದ್ದರ ಬೆಲೆ ಅದು. ನನ್ನಲ್ಲಿ ಅದೇ ಸಂಖ್ಯೆಯ ಜೋಡಿ ಮಾದರಿಗಳನ್ನು ಇಟ್ಟುಕೊಂಡಿದ್ದರಿಂದ ಒಂದನ್ನು ಹಾಗೆಯೇ ಮಡಿಸಿ ನೋಡಿ, ದೋಷ ಮುದ್ರಣದ್ದಲ್ಲ, ಮಡಿಕೆಯ ಜಾಗದ್ದು ಎಂದು ತೋರಿಸಲು ಸಾಧ್ಯವಾಯಿತು.

ಹೊಸ ಖರೀದಿದಾರರಿಗೆ ಈಗ ಮೊದಲು ಕೇಳುವುದು ಅವರ ಖಾತೆಯನ್ನೇ. ಖಾತೆಯಿಲ್ಲದ ಸಣ್ಣ ಅಂಗಡಿಯವರಿಗೆ, ಅವಸರವಿಲ್ಲದಿದ್ದರೆ, ಅಂಚೆ. ಮೂರು ವಾರದ ಮೊದಲು ಉತ್ತರ ನಿರೀಕ್ಷಿಸುವುದಿಲ್ಲ. ಆದೇಶದ ಗಡುವು ಹತ್ತಿರವಿದ್ದು ಖರೀದಿದಾರರು ಪರಿಚಿತರಾಗಿದ್ದರೆ ಮಾತ್ರ ನನ್ನ ಖರ್ಚಿನ ಎಕ್ಸ್‌ಪ್ರೆಸ್, ಸುಂಕವೂ ನನ್ನದೇ ಎಂದು ಅರ್ಜಿಯಲ್ಲಿ ಗುರುತು ಹಾಕಿ. ದಾರಿ ಯಾವುದಾದರೂ ಲೇಬಲ್ಲಿನ ಮೇಲೆ ವ್ಯಕ್ತಿಯ ಹೆಸರು ಮತ್ತು ಅವರ ಮಾದರಿ ಸಂಖ್ಯೆ ಇರುತ್ತದೆ. ಹೊರಟ ದಿನ ಟ್ರ್ಯಾಕಿಂಗ್ ಸಂಖ್ಯೆಯನ್ನೂ ಮೂರೇ ಮೂರು ಪ್ರಶ್ನೆಗಳನ್ನೂ ಕಳುಹಿಸುತ್ತೇನೆ. ತಲುಪಿದ ದಿನ ‘ಪೆಟ್ಟಿಗೆ ನಿಮ್ಮ ಮೇಜಿಗೆ ಬಂತೇ’ ಎಂದು ಕೇಳುತ್ತೇನೆ. ಬಂತೆಂದು ಅವರು ಹೇಳಿದ ದಿನದಿಂದ ಏಳು ಕೆಲಸದ ದಿನಗಳನ್ನು ಎಣಿಸಿ ಮುಂದಿನ ಪತ್ರ ಬರೆಯುತ್ತೇನೆ. ಚೀಲಗಳನ್ನು ಮುದ್ರಣದ ಹೊರಗಿನ ಸಾದಾ ಭಾಗದಲ್ಲಿ ಮಡಿಸಿದರೆ ಪೆಟ್ಟಿಗೆಯ ಎತ್ತರ 16 ಸೆಂ.ಮೀ.ಗೆ ನಿಲ್ಲುತ್ತದೆ, ಗಾತ್ರತೂಕ 3.84 ಆಗಿ ದರ 4 ಕಿಲೋಗೆ ಹೋಗುತ್ತದೆ. ಆ ಅರ್ಧ ಕಿಲೋದ ಹೆಚ್ಚುವರಿಯನ್ನು ಯಾವ ಖರೀದಿದಾರರೂ ಇದುವರೆಗೆ ಪ್ರಶ್ನಿಸಿಲ್ಲ.