ಹಲಸಿನ ಮೇಣಕ್ಕೆ ಎಣ್ಣೆಯೋ, ಐಸೋ, ಸೀಮೆಎಣ್ಣೆಯೋ?

ಹೋದ ಬೇಸಿಗೆಯಲ್ಲಿ ಹಲಸು ಕೊಯ್ಯುವಾಗ ನನ್ನ ಬಿಳಿ ಅಂಗಿಗೆ ಮೇಣ ಹತ್ತಿತು. ಗಾಬರಿಯಲ್ಲಿ ನಲ್ಲಿಯ ಕೆಳಗೆ ಹಿಡಿದು ಉಜ್ಜಿದೆ. ಅದೇ ತಪ್ಪು. ಮೇಣ ನೀರಿನಲ್ಲಿ ಕರಗುವುದಿಲ್ಲ, ಉಜ್ಜಿದಷ್ಟೂ ನೂಲಿನೊಳಗೆ ಇಳಿಯುತ್ತದೆ. ಅಂಗಿ ಹಾಳಾಯಿತು. ಈ ಸಲ ಹಳೇ ಹತ್ತಿ ಪಂಚೆಯನ್ನು ತುಂಡು ಮಾಡಿ, ಮೇಣ ಬಳಿದು, ಮೂರು ಉಪಾಯಗಳನ್ನೂ ನೋಡಿದೆ.

ಮೊದಲು ಐಸ್. ತುಂಡನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟೆ. ಗಟ್ಟಿಯಾದ ಮೇಣ ಚಮಚದ ಅಂಚಿಗೆ ಚೂರುಚೂರಾಗಿ ಎದ್ದು ಬಂತು. ಆದರೆ ನೂಲಿನ ಸಂದಿಯ ತೆಳು ಪದರ ಹಾಗೇ ಉಳಿಯಿತು. ದಪ್ಪ ಮುದ್ದೆಗೆ ಮಾತ್ರ ಇದು ಸರಿ.

ಸೀಮೆಎಣ್ಣೆ ಎಲ್ಲಕ್ಕಿಂತ ಬೇಗ ಕೆಲಸ ಮಾಡಿತು. ಆದರೆ ಎರಡು ಸಲ ಒಗೆದರೂ ವಾಸನೆ ಹೋಗಲಿಲ್ಲ. ಒಲೆಯ ಹತ್ತಿರ ಮುಟ್ಟುವ ಹಾಗಿಲ್ಲ, ಬಟ್ಟೆಯನ್ನು ಮೆಷೀನಿಗೆ ಹಾಕುವುದೂ ಅಪಾಯ. ನನಗೆ ಬೇಡವೇ ಬೇಡ.

ಗೆದ್ದದ್ದು ಕೊಬ್ಬರಿ ಎಣ್ಣೆ. ಹಲಸು ಬಿಡಿಸುವ ಮುಂಚೆ ಕೈಗೂ ಕತ್ತಿಗೂ ಅದನ್ನೇ ಸವರುತ್ತೇವಲ್ವಾ, ಬಟ್ಟೆಗೂ ಅದೇ ಲೆಕ್ಕ. ಒಣ ಬಟ್ಟೆಯ ಮೇಲೆ ನಾಲ್ಕು ಹನಿ ಬಿಟ್ಟು ಹತ್ತು ನಿಮಿಷ ಕಾಯಬೇಕು. ಮೇಣ ಸಡಿಲವಾದ ಮೇಲೆ ಹಳೇ ಬಟ್ಟೆಯಿಂದ ಅಂಚಿನಿಂದ ನಡುವಿಗೆ ಒರೆಸಬೇಕು, ಇಲ್ಲದಿದ್ದರೆ ಕಲೆ ಹರಡುತ್ತದೆ. ಈಗ ಉಳಿಯುವುದು ಎಣ್ಣೆ ಕಲೆ. ನೀರು ಸೋಕಿಸುವ ಮೊದಲೇ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ತಿಕ್ಕಿ, ಆಮೇಲೆ ಒಗೆದೆ. ಒಣಗಿದ ಮೇಲೆ ಬೆರಳಿಟ್ಟು ನೋಡಿ: ಅಂಟಿದರೆ ಅಥವಾ ಬಿರುಸಾಗಿದ್ದರೆ ಮೇಣ ಇನ್ನೂ ಇದೆ, ಮತ್ತೊಂದು ಸುತ್ತು ಎಣ್ಣೆ. ಅಲ್ಲಿಯವರೆಗೆ ಇಸ್ತ್ರಿ ಬೇಡ. ರೇಷ್ಮೆಗೆ ಮಾತ್ರ ಇದನ್ನು ಮಾಡಬೇಡಿ, ಡ್ರೈಕ್ಲೀನಿಂಗಿಗೆ ಕೊಡಿ.

ಮಾವಿನ ರಸದ ಕಥೆ ಬೇರೆ. ಅದರ ಹಳದಿ ಬರೀ ನೀರಿಗೆ ಬಿಡುವುದಿಲ್ಲ, ಆದರೆ ಬಿಸಿಲಿಗೆ ಮಾಸುತ್ತದೆ. ಎರಡು ತುಂಡುಗಳಿಗೆ ರಸ ಹಚ್ಚಿ, ಚಮಚದಲ್ಲಿ ಕೆರೆದು, ಬಟ್ಟೆಯ ಹಿಂಬದಿಯಿಂದ ತಣ್ಣೀರು ಹಾಯಿಸಿ, ಅದೇ ಲಿಕ್ವಿಡ್ಡಿನಲ್ಲಿ ತೊಳೆದೆ. ನೆರಳಲ್ಲಿ ಒಣಗಿಸಿದ್ದರಲ್ಲಿ ತಿಳಿ ಹಳದಿ ಉಳಿಯಿತು. ಬಿಸಿಲಿಗೆ ಹಾಕಿದ್ದು ಸಂಜೆಗೆ ಬೆಳ್ಳಗಾಯಿತು. ಬಣ್ಣದ ಬಟ್ಟೆಗೆ ಈ ಧೈರ್ಯ ಬೇಡ, ಬಟ್ಟೆಯ ಬಣ್ಣವೂ ಹೋದೀತು. ತೊಟ್ಟಿನ ಸೊನೆ ಇನ್ನೂ ಕಳ್ಳ. ಬಿದ್ದಾಗ ಕಾಣುವುದೇ ಇಲ್ಲ, ಆಮೇಲೆ ಕಂದಾಗುತ್ತದೆ. ಕಾಣದಿದ್ದರೂ ಆಗಲೇ ತೊಳೆಯಿರಿ.

ನೇರಳೆ ರಸಕ್ಕೆ ಬಾರ್ ಸೋಪು ತಿಕ್ಕಿದೆ, ಕಲೆ ನೀಲಿಗೆ ತಿರುಗಿತು! ಸೋಪಿನ ಕ್ಷಾರಕ್ಕೆ ಅದರ ಬಣ್ಣ ಬದಲಾಗುತ್ತದೆ. ಇನ್ನೊಂದು ತುಂಡಿಗೆ ಮೊದಲು ತಣ್ಣೀರು, ಆಮೇಲೆ ನಿಂಬೆರಸ ಹಾಕಿದೆ. ಅದು ಕೆಂಪಾಗಿ, ಎರಡು ಸಲ ತೊಳೆದಾಗ ಹೆಚ್ಚುಕಮ್ಮಿ ಹೋಯಿತು. ನೀಲಿ ತುಂಡು ಈಗ ಗ್ಯಾಸ್ ಒಲೆ ಒರೆಸುವ ಬಟ್ಟೆ.