ಮಳೆಗಾಲ ಕಂಡ ರಾ ಡೆನಿಮ್: ಬಣ್ಣಕ್ಕೆ ಪೂರ್ತಿ ಅಂಕ, ಚೀಟಿಯ ಸಲಹೆಗೆ ಸೊನ್ನೆ

ರಾ ಡೆನಿಮ್ ಅಂದರೆ ನೇಯ್ದ ಮೇಲೆ ಒಮ್ಮೆಯೂ ಒಗೆಯದೆ ಮಾರುವ ಬಟ್ಟೆ; ಶಿರಸಿ ಕಡೆ ಅದರ ಈ ಜೀನ್ಸ್ ಕೊಳ್ಳೋರಿಗೆ ಮೊದಲೇ ಹೇಳಿಬಿಡುತ್ತೇನೆ. ಸೊಂಟಕ್ಕೆ ಕಟ್ಟಿದ ಚೀಟಿಯಲ್ಲಿ ‘ಆರು ತಿಂಗಳು ಒಗೆಯಬೇಡಿ’ ಎಂದಿದೆಯಲ್ಲ, ಅದನ್ನು ಬರೆದವರು ನಮ್ಮ ಜುಲೈ ನೋಡಿಲ್ಲ. ಚದರ ಗಜಕ್ಕೆ 14 ಔನ್ಸ್ ತೂಗುವ ಬಟ್ಟೆ, ಹೊಲಿಗೆ, ಬಟನ್ ಯಾವುದಕ್ಕೂ ತಕರಾರಿಲ್ಲ. ತಕರಾರೆಲ್ಲ ಒಗೆತದ್ದೇ.

ಸಲಹೆಗೆ ಕಾರಣ ಇಲ್ಲದಿಲ್ಲ. ನೇಯುವಾಗ ನೂಲು ಹರಿಯದಿರಲಿ ಎಂದು ಹಾಸಿನ ಎಳೆಗಳಿಗೆ ಗಂಜಿ ಹಾಕಿರುತ್ತಾರೆ. ಹೊಸ ಬಟ್ಟೆ ತಗಡಿನ ಹಾಗೆ ಸೆಟೆದು ನಿಲ್ಲುವುದು ಅದರಿಂದಲೇ. ಗಂಜಿ ಇರುವಷ್ಟು ದಿನ ತೊಡೆಸಂದಿಯಲ್ಲಿ, ಮಂಡಿಯ ಹಿಂದೆ ಮಡಿಕೆ ಅದದೇ ಜಾಗದಲ್ಲಿ ಬೀಳುತ್ತದೆ. ಮಡಿಕೆಯ ನೆತ್ತಿ ಸವೆದು ಬೆಳ್ಳಗಾಗುತ್ತದೆ, ತಗ್ಗು ಕಡುನೀಲಿಯಾಗಿಯೇ ಉಳಿಯುತ್ತದೆ. ಚೂಪಾದ ಗೆರೆ ಬೇಕೆಂದರೆ ಗಂಜಿ ಉಳಿಯಬೇಕು. ಆದರೆ ಗಂಜಿ, ಬೆವರು, ವಾರಗಟ್ಟಲೆ ಒಣಗದ ಹವೆ ಮೂರೂ ಸೇರಿದರೆ ಬೂಷ್ಟು ಬರದೆ ಇನ್ನೇನು ಬಂದೀತು? ಮೊದಲು ಮುಗ್ಗಲು ವಾಸನೆ, ಆಮೇಲೆ ಜೇಬಿನ ಒಳಬಟ್ಟೆಯ ಮೇಲೆ ಸಣ್ಣ ಕಪ್ಪು ಚುಕ್ಕೆ. ಆ ಚುಕ್ಕೆ ಒಗೆದರೂ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಜೂನ್‌ಗೆ ಮುಂಚೆ ಗಂಜಿ ತೆಗೆಯಲೇಬೇಕು. ಗೆರೆ ಸ್ವಲ್ಪ ಮೆತ್ತಗಾದರೆ ಆಗಲಿ.

ಇನ್ನು ಬಣ್ಣ. ಕಾಲಿನ ತುದಿಯ ಒಳಮಡಿಕೆಯಿಂದ ಒಂದು ನೀಲಿ ಎಳೆ ಕಿತ್ತು, ಹುರಿ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಮೇಲೆ ಮಾತ್ರ ನೀಲಿ, ಒಳಗೆ ಬಿಳಿ ಹತ್ತಿ. ಇದು ಹಗ್ಗದ ಬಣ್ಣಗಾರಿಕೆಯ ಗುರುತು. ಸುಮಾರು 350–400 ಎಳೆಗಳನ್ನು ಹಗ್ಗದಂತೆ ಒಟ್ಟುಮಾಡಿ ಇಂಡಿಗೊ ತೊಟ್ಟಿಗೆ ಇಳಿಸುತ್ತಾರೆ. ಇಂಡಿಗೊ ನೀರಲ್ಲಿ ಕರಗುವ ಜಾತಿಯಲ್ಲ. ಹೈಡ್ರೋಸಲ್ಫೈಟ್ ಮತ್ತು ಕಾಸ್ಟಿಕ್ ಸೋಡಾ ಸೇರಿಸಿದಾಗಷ್ಟೇ ಹಸಿರುಹಳದಿ ದ್ರಾವಣವಾಗಿ ಕರಗುತ್ತದೆ. ಹಗ್ಗ ಅದರಲ್ಲಿರುವುದು ಅರ್ಧ ನಿಮಿಷದಷ್ಟೇ. ಹಿಂಡಿ, ಮೇಲೆತ್ತಿ ಒಂದೆರಡು ನಿಮಿಷ ಗಾಳಿಗೆ ಬಿಟ್ಟರೆ ನೀಲಿಯಾಗಿ ಎಳೆಯ ಮೇಲೇ ಗಟ್ಟಿಯಾಗುತ್ತದೆ. ಹೀಗೆ ಆರೆಂಟು ಸಲ ಅದ್ದಿದರೂ ಬಣ್ಣ ನೂಲಿನ ನಡುವಿಗೆ ಇಳಿಯುವುದಿಲ್ಲ, ಮೇಲೆ ಪದರದ ಮೇಲೆ ಪದರ ಕೂರುತ್ತದೆ ಅಷ್ಟೆ. ಎಲ್ಲಿ ಉಜ್ಜುತ್ತದೋ ಅಲ್ಲಿ ಪದರ ಸವೆದು ಒಳಗಿನ ಬಿಳಿ ಕಾಣುತ್ತದೆ.

ನೇಯ್ಗೆಯೂ ಇದಕ್ಕೆ ಒತ್ತಾಸೆ. ನೀಲಿ ಹಾಸು ಮೂರು ಬಿಳಿ ಹೊಕ್ಕಿನ ಮೇಲೆ ಹೋಗಿ ಒಂದರ ಕೆಳಗೆ ಇಳಿಯುತ್ತದೆ. ಮುಂದಿನ ಸಾಲು ಒಂದೊಂದೇ ಎಳೆ ಪಕ್ಕಕ್ಕೆ ಸರಿಯುವುದರಿಂದ ಓರೆ ಏಣುಗಳು ಮೂಡುತ್ತವೆ. ಸವೆತ ಮೊದಲು ತಾಗುವುದು ಈ ಏಣುಗಳ ನೆತ್ತಿಗೆ.

ಇದಿಷ್ಟು ಗೊತ್ತಿದ್ದರೆ ಒಗೆಯುವ ಕಲ್ಲು ಯಾಕೆ ಬೇಡ ಅನ್ನುವುದು ತಾನಾಗಿ ತಿಳಿಯುತ್ತದೆ. ಕಲ್ಲಿಗೆ ಬಡಿದರೆ ಎಲ್ಲ ಏಣೂ ಒಂದೇ ಸಮ ಸವೆದು, ಜೀನ್ಸ್ ಬರೀ ಮಾಸಿದಂತೆ ಕಾಣುತ್ತದೆ. ಮಷಿನ್ ಇನ್ನೂ ಮೋಸ. ಸೆಟೆದ ಬಟ್ಟೆ ಅದರೊಳಗೆ ಮುದುರಿ, ಮುದುರಿದ ಅಂಚುಗಳೇ ಉಜ್ಜಿಕೊಂಡು, ಹೊರಬರುವಾಗ ಮೈತುಂಬ ಅಡ್ಡಾದಿಡ್ಡಿ ಬಿಳಿ ಗೀರು. ಆ ಗೀರು ಹೋಗಿಸುವ ಉಪಾಯ ಇಲ್ಲ.

ಸರಿಯಾಗಿ ಕೆಲಸ ಮಾಡಿದ ಕ್ರಮ ಇದು. ಮೇ ತಿಂಗಳ ಬಿಸಿಲಲ್ಲಿ ಒಳಗಿನದು ಹೊರಗೆ ಮಾಡಿ, ಉಗುರುಬೆಚ್ಚಗಿನ ನೀರು ತುಂಬಿದ ದೊಡ್ಡ ಟಬ್ಬಿನಲ್ಲಿ ಕಾಲು ಮಡಚದೆ ಮುಕ್ಕಾಲು ಗಂಟೆ ಮುಳುಗಿಸಿಡಿ. ನೀರು ಜಾರುಜಾರಾದರೆ ಗಂಜಿ ಬಿಡುತ್ತಿದೆ ಎಂದರ್ಥ. ಅಂಗೈಯಲ್ಲಿ ಒತ್ತಿ, ಎರಡು ಸಲ ನೀರು ಬದಲಿಸಿ, ಹಿಂಡದೆ ಸೊಂಟದಿಂದ ತೂಗುಹಾಕಿ. ಮಳೆಗಾಲದಲ್ಲಿ ಬೆವರು ಕಂಡಾಗೆಲ್ಲ ತಣ್ಣೀರಲ್ಲಿ ಹೀಗೇ ಅದ್ದಿ ತೆಗೆದರೆ ಸಾಕು, ಬ್ಲೀಚ್ ಇಲ್ಲದ ಸೋಪು ತುಸುವೇ. ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಿದರೆ ಒಣಗುವುದು ನಿಜ, ಹೊಗೆ ವಾಸನೆ ಮಾತ್ರ ವಾರ ಬಿಡುವುದಿಲ್ಲ. ಫ್ಯಾನೇ ವಾಸಿ.

ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ಕಟ್ಟುತ್ತದೆ ಎಂಬ ಮಾತು ಕಾರವಾರದಿಂದ ಘಟ್ಟದ ಮೇಲಿನವರೆಗೂ ಇದೆ. ಇಂಡಿಗೊಗೆ ಅದು ಹೊಂದುವುದಿಲ್ಲ. ಮೊದಲೇ ಗಟ್ಟಿಯಾಗಿ ಕೂತ ಬಣ್ಣವನ್ನು ಉಪ್ಪು ಹೊಸದಾಗಿ ಹಿಡಿದಿಡಲಾರದು. ಕಡಲತೀರಕ್ಕೆ ಹೋಗಿಬಂದರೆ ಮಡಚಿದ ತುದಿಯಲ್ಲಿ ಕೂತ ಮರಳು ಕೊಡವಿ, ಅದು ಒಳಗಿಂದ ಬಟ್ಟೆ ತಿನ್ನುತ್ತದೆ.

ಇಷ್ಟೆಲ್ಲ ಗೊಣಗಿದರೂ ಬಣ್ಣ ಇಳಿದ ರೀತಿ ಮಾತ್ರ ಬಲು ಚಂದ. ತೊಡೆಯ ಮೇಲೆ ಸಮವಾಗಿ ಬಿಳುಪಾಗದೆ, ನೂಲು ದಪ್ಪ ಇದ್ದಲ್ಲಿ ಮೊದಲು ಸವೆದು ಉದ್ದುದ್ದ ಸಣ್ಣ ಗೆರೆ ಬಿದ್ದಿದೆ. ಬಲಜೇಬಿನ ಮೇಲೆ ಫೋನಿನ ಚೌಕಟ್ಟು ಸ್ಪಷ್ಟ. ಸ್ಕೂಟರಿನ ಸೀಟಿಗೆ ತಾಗುವ ಹಿಂಭಾಗವೇ ಎಲ್ಲಕ್ಕಿಂತ ಬೇಗ ತೆಳುವಾಗುತ್ತಿದೆ, ಅಲ್ಲಿ ತೇಪೆ ಹಾಕುವ ದಿನ ದೂರವಿಲ್ಲ. ತಿಳಿಬಣ್ಣದ ಸೀಟಾದರೆ ಮೊದಲ ತಿಂಗಳು ಅದೂ ನೀಲಿಯಾಗುತ್ತದೆ ಎನ್ನುವುದು ನೆನಪಿರಲಿ.

ಅಂಗಡಿಯಲ್ಲೇ ಉದ್ದ ಕತ್ತರಿಸಿಕೊಡುತ್ತೇವೆ ಎಂದರೆ ಬೇಡವೆನ್ನಿ. ಮೊದಲ ನೆನೆತದಲ್ಲಿ ಉದ್ದ ಕುಗ್ಗುತ್ತದೆ, ಓರೆ ನೇಯ್ಗೆಯ ಎಳೆತಕ್ಕೆ ಪಕ್ಕದ ಹೊಲಿಗೆ ಮುಂಗಾಲಿನ ಕಡೆಗೆ ಸ್ವಲ್ಪ ತಿರುಗಲೂಬಹುದು. ನೆನೆಸಿ, ಒಣಗಿಸಿ, ತೊಟ್ಟು ನೋಡಿದ ಮೇಲೆಯೇ ದರ್ಜಿ ಹತ್ತಿರ ಹೋಗಿ.